ವೃತ್ತದ ಸೀಲಿನಲ್ಲಿ ಹೆಸರು ಬದಲಿಸಬೇಕು, ಕೆಳಗಿನ ಅಕ್ಷರಗಳು ಸರಿಯಾಗಿ ಕೂರುತ್ತಿಲ್ಲ

ರೇಷ್ಮೆಗೂಡು

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಸಣ್ಣ ರೇಷ್ಮೆ ಬೆಳೆಗಾರರ ಸಂಘ. ಹಳೆಯ ಸೀಲು ದುಂಡಗಿದೆ, ಎರಡು ಉಂಗುರ, ಮಧ್ಯೆ ಹಿಪ್ಪುನೇರಳೆ ಎಲೆ. ಮೇಲಿನ ಕಮಾನಿನಲ್ಲಿ "ರೇಷ್ಮೆ ಬೆಳೆಗಾರರ ಸಂಘ", ಕೆಳಗೆ "ರಾಮನಗರ ಜಿಲ್ಲೆ", ಎರಡೂ ಬದಿಯಲ್ಲಿ ನಕ್ಷತ್ರ. ಜಿಲ್ಲೆಯ ಹೆಸರು ಬದಲಾಯಿತಲ್ಲ, ಈಗ ಕೆಳಗೆ "ಬೆಂಗಳೂರು ದಕ್ಷಿಣ ಜಿಲ್ಲೆ" ಬರಬೇಕು. ಮೂಲ ಫೈಲು ಯಾರ ಹತ್ತಿರವೂ ಇಲ್ಲ. ಲೆಟರ್‌ಹೆಡ್‌ನಿಂದ ತೆಗೆದ ಸ್ಕ್ಯಾನ್ ಮಾತ್ರ ಇದೆ.

ಇಂಕ್‌ಸ್ಕೇಪ್‌ನಲ್ಲಿ ವೃತ್ತ ಬರೆದು `Text > Put on Path` ಒತ್ತಿದೆ. ಮೇಲಿನದು ಪರವಾಗಿಲ್ಲ. ಕೆಳಗಿನದು ಮೊದಲು ತಲೆಕೆಳಗಾಗಿ ಬಂತು. ಹೇಗೋ ತಿರುಗಿಸಿದ ಮೇಲೆ ಅಕ್ಷರಗಳ ತಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. "ಕ್ಷಿ" ಮತ್ತು "ಲ್ಲೆ" ಒತ್ತುಗಳು ಹೊರಗಿನ ಗೆರೆಗೆ ತಾಗುತ್ತಿವೆ. ಮೇಲಿನ ಸಾಲು ಸಡಿಲ, ಕೆಳಗಿನ ಸಾಲು ಬಿಗಿ. ಒಂದೇ ಫಾಂಟ್, ಒಂದೇ ಸೈಜು. ಯಾಕೆ ಹೀಗೆ?

ಸೀಲಿನ ಅಳತೆ: ಅಡ್ಡಗಲ 40 ಮಿಮೀ. ಹೊರ ಗೆರೆಯ ಒಳ ಅಂಚು ಕೇಂದ್ರದಿಂದ 18 ಮಿಮೀ, ಒಳ ಗೆರೆಯ ಹೊರ ಅಂಚು 12 ಮಿಮೀ. ಅಂದರೆ ಅಕ್ಷರಕ್ಕೆ 6 ಮಿಮೀ ಪಟ್ಟಿ ಇದೆ.

ಸುಮ್ನೆ ಸತೀಶ

ಹೆಸರು ಬದಲಾದದ್ದೇ ಸರಿಯಿಲ್ಲ, ಮೊದಲು ಅದನ್ನು ಕೇಳಿ.

ತುಂಟಗುಬ್ಬಿ

ಸತೀಶಣ್ಣ, ಅದಕ್ಕೆ ಬೇರೆ ಕಡೆ ನೂರು ಪುಟ ಚರ್ಚೆ ಆಗಿದೆ. ಇಲ್ಲಿ ಅಕ್ಷರ ಕೂರಿಸೋಣ.

ನಂಜನಗೂಡಿನವ

ಸಂಘದ ಸೀಲು ಬದಲಿಸಬೇಕಾದರೆ ಕಾರ್ಯಕಾರಿ ಸಮಿತಿಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು, ಬ್ಯಾಂಕಿಗೂ ತಿಳಿಸಬೇಕು. ಹಳೆಯ ಸೀಲಿನ ಚೆಕ್ಕು ವಾಪಸ್ಸು ಬಂದರೆ ಕಷ್ಟ. ಯಾರ ಅನುಮತಿ ತೆಗೆದುಕೊಂಡಿರಿ?

ರೇಷ್ಮೆಗೂಡು

ಸರ್, ಠರಾವು ಎಲ್ಲ ಆಗಿದೆ. ನನ್ನ ಪ್ರಶ್ನೆ ಅಕ್ಷರ ಕೂರಿಸುವುದರ ಬಗ್ಗೆ.

ಫ್ಲೆಕ್ಸ್ ಪ್ರಕಾಶ

ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪಾತ್ ಎಲ್ಲ ಬಿಡಿ. ನೇರವಾಗಿ ಟೈಪ್ ಮಾಡಿ, ಇಲಸ್ಟ್ರೇಟರ್‌ನಲ್ಲಿ `Warp` ಒಳಗೆ `Arc` ಕೊಡಿ. ಎರಡು ನಿಮಿಷದ ಕೆಲಸ. ನಾವು ಬ್ಯಾನರ್‌ಗೆ ಹಾಗೇ ಮಾಡುವುದು.

ಕುಂಚ ಕಾವೇರಿ

ಪ್ರಕಾಶ್, ಬ್ಯಾನರ್‌ಗೆ ಅದು ನಡೆಯುತ್ತದೆ. ಸೀಲಿಗೆ ಬೇಡ. ವಾರ್ಪ್ ಮಾಡಿದರೆ ಅಕ್ಷರ ತಿರುಗುವುದಿಲ್ಲ, ಅಕ್ಷರವೇ ಬಗ್ಗುತ್ತದೆ. ಮೇಲಿನ ಕಮಾನಿನಲ್ಲಿ ತಲೆಕಟ್ಟು ಉದ್ದವಾಗಿ ಬುಡ ಚಿಕ್ಕದಾಗುತ್ತದೆ. ಕೆಳಗಿನದರಲ್ಲಿ ಇದರ ಉಲ್ಟಾ. ಎರಡೂ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಬೇರೆ ಫಾಂಟ್ ಅನ್ನಿಸುತ್ತದೆ. 40 ಮಿಮೀ ಸೀಲಿನಲ್ಲಿ ಮೊದಲೇ ತೆಳ್ಳಗಿರುವ ಗೆರೆ ಇನ್ನೂ ತೆಳ್ಳಗಾದರೆ ರಬ್ಬರಿನಲ್ಲಿ ಉಳಿಯುವುದೇ ಇಲ್ಲ.

ರೇಷ್ಮೆಗೂಡು ಅವರೇ, ನಿಮ್ಮ ದಾರಿ ಸರಿ ಇದೆ. ಅಕ್ಷರಗಳು ಪಾತ್ ಮೇಲೇ ಕೂರಬೇಕು. ಆದರೆ ಎರಡೂ ಸಾಲಿಗೆ ಒಂದೇ ವೃತ್ತ ಬಳಸಿದ್ದೀರಿ ಅನ್ನಿಸುತ್ತದೆ. ಹೌದಾ?

ರೇಷ್ಮೆಗೂಡು

ಹೌದು ಮೇಡಂ. ಒಂದೇ ಪಟ್ಟಿಯಲ್ಲವಾ ಅಂತ ಒಂದೇ ವೃತ್ತ.

ಕುಂಚ ಕಾವೇರಿ

ಅಲ್ಲೇ ಇರುವುದು ಗಂಟು. ಮೇಲಿನ ಸಾಲಿನಲ್ಲಿ ಅಕ್ಷರದ ಬುಡ ಕೇಂದ್ರದ ಕಡೆ, ತಲೆ ಹೊರಗೆ. ಕೆಳಗಿನ ಸಾಲು ಓದಲು ನೇರವಾಗಿರಬೇಕಾದರೆ ತಲೆ ಕೇಂದ್ರದ ಕಡೆ, ಬುಡ ಹೊರಗೆ. ಪಾತ್ ಅಂದರೆ ಅಕ್ಷರದ ಬುಡ ಕೂರುವ ಗೆರೆ. ಹಾಗಾಗಿ ಮೇಲಿನ ಸಾಲಿಗೆ ಚಿಕ್ಕ ವೃತ್ತ, ಕೆಳಗಿನ ಸಾಲಿಗೆ ದೊಡ್ಡ ವೃತ್ತ ಬೇಕೇ ಬೇಕು. ಇಂಗ್ಲಿಷ್ ದೊಡ್ಡಕ್ಷರವಾದರೆ ಇಲ್ಲಿಗೆ ಕಥೆ ಮುಗಿಯಿತು. ಎರಡು ವೃತ್ತದ ನಡುವಿನ ವ್ಯತ್ಯಾಸ ಅಕ್ಷರದ ಎತ್ತರದಷ್ಟು, ಅಷ್ಟೇ. ನಮಗೆ ಬುಡದ ಕೆಳಗೆ ಒತ್ತಕ್ಷರ ಇದೆ, ತಲೆಯ ಮೇಲೆ ಗುಡಿಸು, ಎತ್ವ ಇವೆ.

ನಿಮ್ಮ ಅಳತೆಗೇ ಲೆಕ್ಕ ಹಾಕುತ್ತೇನೆ. ಅಕ್ಷರದ ಮೈ 3 ಮಿಮೀ ಇರಲಿ. ಒತ್ತಿಗೆ 1.3, ತಲೆಯ ಮೇಲಿನ ಚಿಹ್ನೆಗೆ 0.6 ಬಿಡಿ. ಇದು ಫಾಂಟ್ ಮೇಲೆ ಹೋಗುತ್ತದೆ, ನಿಮ್ಮ ಫಾಂಟಿನಲ್ಲಿ ಅಳೆದುಕೊಳ್ಳಿ. ಗೆರೆಗೂ ಅಕ್ಷರಕ್ಕೂ ನಡುವೆ ಅರ್ಧ ಮಿಮೀ ಖಾಲಿ ಬೇಕು.

ಮೇಲಿನ ಸಾಲಿಗೆ ಒಳ ಗೆರೆಯಿಂದ ಹೊರಡಿ: 12, ಖಾಲಿ 0.5, ಒತ್ತು 1.3. ಒಟ್ಟು 13.8. ಅದೇ ಮೇಲಿನ ಪಾತ್‌ನ ತ್ರಿಜ್ಯ. ಮೈ 16.8ಕ್ಕೆ ಮುಗಿಯುತ್ತದೆ, ಗುಡಿಸು 17.4ಕ್ಕೆ. ಹೊರ ಗೆರೆಗೆ ಇನ್ನೂ 0.6 ಉಳಿಯಿತು.

ಕೆಳಗಿನ ಸಾಲಿಗೆ ಹೊರ ಗೆರೆಯಿಂದ ಒಳಗೆ ಬನ್ನಿ: 18ರಲ್ಲಿ ಖಾಲಿ 0.6, ಒತ್ತು 1.3 ಕಳೆದರೆ 16.1. ಅದು ಕೆಳಗಿನ ಪಾತ್. ಮೈ 13.1ಕ್ಕೆ, ಗುಡಿಸು 12.5ಕ್ಕೆ ಮುಗಿಯುತ್ತದೆ. ಒಳ ಗೆರೆಗೆ ಅರ್ಧ ಮಿಮೀ ದೂರ.

ಈಗ "ಕ್ಷಿ" ಗೆರೆಗೆ ತಾಗುವುದಿಲ್ಲ.

ರೇಷ್ಮೆಗೂಡು

ಓಹ್, ಈಗ ಅರ್ಥವಾಯಿತು. ಆದರೆ ಬಿಗಿ ಸಡಿಲ ಯಾಕೆ?

ಬೋರ್ಡ್ ಬಸಣ್ಣ

ಅದನ್ನ ನಾ ಹೇಳತೀನಿ ತಮ್ಮಾ. ಬಹಳ ವರ್ಷ ಬೋರ್ಡ್ ಬರೆದಿದ್ದೇನೆ, ಲಾರಿ ಹಿಂದೆ, ಶಾಲೆ ಕಮಾನಿನ ಮೇಲೆ, ಎಲ್ಲ ಕಡೆ. ಕಂಪ್ಯೂಟರ್ ಅಕ್ಷರದ ನಡುವಿನ ಜಾಗವನ್ನು ಬುಡದ ಗೆರೆಯ ಮೇಲೆ ಅಳೆಯುತ್ತದೆ. ಕಣ್ಣು ನೋಡುವುದು ಅಕ್ಷರದ ಹೊಟ್ಟೆಯನ್ನು. ಮೇಲಿನ ಕಮಾನಿನಲ್ಲಿ ಬುಡದಿಂದ ಮೇಲೆ ಹೋದಂತೆ ಅಕ್ಷರಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಕೆಳಗಿನದರಲ್ಲಿ ತಲೆಗಳು ಒಳಗೆ ಸೇರಿಕೊಳ್ಳುತ್ತವೆ. ಅದಕ್ಕೇ ನಾವು ಸುಣ್ಣದ ದಾರದಲ್ಲಿ ಮೂರು ಗೆರೆ ಹಾಕುತ್ತಿದ್ದೆವು. ಬುಡ, ತಲೆ, ಹೊಟ್ಟೆ. ಜಾಗ ಅಳೆಯುವುದು ಹೊಟ್ಟೆಯ ಗೆರೆ ಮೇಲೆ.

ಕಾವೇರಿ ತಂಗಿ ಕೊಟ್ಟ ಲೆಕ್ಕದಲ್ಲೇ ನೋಡಿರಿ. ಮೇಲೆ ಬುಡ 13.8, ಹೊಟ್ಟೆ 15.3. ಅಂದರೆ 3 ಮಿಮೀ ಅಗಲದ ಅಕ್ಷರಕ್ಕೆ ಹೊಟ್ಟೆಯ ಮಟ್ಟದಲ್ಲಿ 3.3 ಜಾಗ ಸಿಗುತ್ತದೆ. ಕೆಳಗೆ ಬುಡ 16.1, ಹೊಟ್ಟೆ 14.6. ಅದೇ ಅಕ್ಷರಕ್ಕೆ 2.7 ಮಾತ್ರ. ಒಂದೊಂದು ಅಕ್ಷರಕ್ಕೂ 0.6 ಕಡಿಮೆ. ತಲೆ ಅಂಟದೆ ಇರುತ್ತದೇನು?

ಕುಂಚ ಕಾವೇರಿ

ಬಸಣ್ಣ ಸರ್, ಇಷ್ಟು ಚೆನ್ನಾಗಿ ನಾನು ಹೇಳುತ್ತಿರಲಿಲ್ಲ. ಹಾಗಾದರೆ ಕೆಳಗಿನ ಸಾಲಿಗೆ ಅಕ್ಷರದ ನಡುವೆ ಸುಮಾರು 0.6 ಮಿಮೀ ಜಾಸ್ತಿ ಕೊಡಬೇಕು. ಮೇಲಿನದನ್ನು ಮುಟ್ಟುವುದು ಬೇಡ. ಮೇಲಿನದನ್ನು ಬಿಗಿ ಮಾಡಿ ಕೆಳಗಿನದನ್ನು ಸಡಿಲ ಮಾಡಿ ಅರ್ಧರ್ಧ ಹಂಚಬಹುದು ಅನ್ನುವವರಿದ್ದಾರೆ. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಮೇಲಿನ ಕಮಾನಿನ ಒತ್ತುಗಳು ಒಳಗಿನ ಇಕ್ಕಟ್ಟಿನ ಕಡೆ ಇಳಿಯುತ್ತವೆ. ಬಿಗಿ ಮಾಡಿದರೆ ಅವು ಪಕ್ಕದ ಅಕ್ಷರದ ಬುಡಕ್ಕೆ ಹೋಗಿ ಬೀಳುತ್ತವೆ.

ಕರಾವಳಿ ಕಿಟ್ಟಿ

ಇಷ್ಟೆಲ್ಲ ಯಾಕೆ ಮಾರಾಯ್ರೇ? ಕೋನ ಹಂಚಿದರೆ ಆಯಿತಲ್ಲ. ಒಟ್ಟು ಒಂಬತ್ತು ಅಕ್ಷರ: ಬೆಂ, ಗ, ಳೂ, ರು, ದ, ಕ್ಷಿ, ಣ, ಜಿ, ಲ್ಲೆ. ಕಮಾನು 144 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಂದಕ್ಕೆ 16 ಡಿಗ್ರಿ. ಪ್ರತಿ ಅಕ್ಷರ ಬೇರೆ ಬೇರೆ ಟೈಪ್ ಮಾಡಿ 16, 32, 48 ಅಂತ ತಿರುಗಿಸಿ. ಪಕ್ಕಾ ಸಮ.

ಬೋರ್ಡ್ ಬಸಣ್ಣ

ಗಡಿಯಾರದ ಅಂಕಿಗೆ ಸರಿ. ಅಕ್ಷರಕ್ಕೆ ಅಲ್ಲ. "ಬೆಂ" ಮತ್ತು "ಗ" ಎರಡಕ್ಕೂ ಒಂದೇ ಜಾಗ ಕೊಟ್ಟರೆ "ಗ" ಒಂಟಿಯಾಗಿ ನಿಲ್ಲುತ್ತದೆ, "ಬೆಂ" ಉಸಿರುಗಟ್ಟುತ್ತದೆ. ಪದಗಳ ನಡುವಿನ ಜಾಗ ಎಲ್ಲಿ ಹೋಯಿತು?

ಕರಾವಳಿ ಕಿಟ್ಟಿ

ಅದಕ್ಕೂ ಒಂದೊಂದು ಕೋನ ಕೊಡುವ.

ರೇಷ್ಮೆಗೂಡು

ಕಿಟ್ಟಿಯವರೇ, ಅಳೆದೇ ನೋಡಿದೆ. ಮೈ 3 ಮಿಮೀ ಬರುವಂತೆ ಇಟ್ಟು, ನೇರ ಸಾಲಿನಲ್ಲಿ: ಬೆಂ 4.6, ಗ 2.8, ಳೂ 4.6, ರು 3.7, ಜಾಗ 1.5, ದ 2.9, ಕ್ಷಿ 3.2, ಣ 3.6, ಜಾಗ 1.5, ಜಿ 2.9, ಲ್ಲೆ 2.7. ಒಟ್ಟು 34 ಮಿಮೀ. ಹಳೆಯ "ರಾಮನಗರ ಜಿಲ್ಲೆ" 24 ಮಿಮೀ ಇತ್ತು.

ಅಕ್ಷರ ಎಣಿಸಿದರೆ ನಡುವಿನದು ಐದನೆಯ ಅಕ್ಷರ "ದ". ಅಗಲ ಅಳೆದರೆ 17 ಮಿಮೀಗೆ ನಡು ಬರುತ್ತದೆ, ಅಂದರೆ "ಬೆಂಗಳೂರು" ಮತ್ತು "ದಕ್ಷಿಣ" ನಡುವಿನ ಖಾಲಿ ಜಾಗ ಮುಗಿಯುವಲ್ಲಿ. "ದ"ವನ್ನು ಕೆಳಗೆ ನಡುವೆ ಇಟ್ಟರೆ ಇಡೀ ಸಾಲು ಎಡಕ್ಕೆ ಜರುಗುತ್ತದೆ.

ಕರಾವಳಿ ಕಿಟ್ಟಿ

ಸರಿ, ಒಪ್ಪಿದೆ ಮಾರಾಯ್ರೇ. ಅರ್ಧ.

ತುಂಟಗುಬ್ಬಿ

ಅರ್ಧ ಒಪ್ಪಿಗೆ ಅಂದರೆ 72 ಡಿಗ್ರಿ 😀

ಕುಂಚ ಕಾವೇರಿ

ಒಳ್ಳೆಯ ಅಳತೆ. ಈಗ ಜಾಗ ಸಾಲುತ್ತದಾ ನೋಡೋಣ. ಹನ್ನೊಂದು ತುಂಡು, ಒಂದೊಂದಕ್ಕೆ 0.6 ಸೇರಿಸಿದರೆ 34 ಹೋಗಿ 40.6 ಆಗುತ್ತದೆ. 16.1 ತ್ರಿಜ್ಯದ ವೃತ್ತದ ಸುತ್ತಳತೆ ಸುಮಾರು 101. ಹಾಗಾಗಿ ಕೆಳಗಿನ ಸಾಲು 144 ಡಿಗ್ರಿ ಹರಡುತ್ತದೆ. ಮೇಲಿನದು ನೇರ ಸಾಲಿನಲ್ಲಿ ಎಷ್ಟು?

ರೇಷ್ಮೆಗೂಡು

36 ಮಿಮೀ.

ಕುಂಚ ಕಾವೇರಿ

13.8ರ ಸುತ್ತಳತೆ 87ಕ್ಕೆ ಹತ್ತಿರ. ಮೇಲಿನದು 149 ಡಿಗ್ರಿ. ಎರಡೂ ಸೇರಿ 293. ಉಳಿದದ್ದು 67, ಬದಿಗೆ 33 ಚಿಲ್ಲರೆ. ಒಂದು ನಕ್ಷತ್ರಕ್ಕೆ ಧಾರಾಳ ಸಾಕು. ಹಳೆಯದರಲ್ಲಿ ಕೆಳಗಿನ ಸಾಲು ಚಿಕ್ಕದಿತ್ತು, ಬದಿಯಲ್ಲಿ ಜಾಗ ಜಾಸ್ತಿ ಇದ್ದಿರಬೇಕು. ನಕ್ಷತ್ರಗಳನ್ನು ಹಳೆಯ ಜಾಗದಲ್ಲೇ ಬಿಡಬೇಡಿ. ಹೊಸ ಸಾಲುಗಳ ತುದಿಗಳ ನಡುವೆ ಮಧ್ಯಕ್ಕೆ ತನ್ನಿ.

ಫ್ಲೆಕ್ಸ್ ಪ್ರಕಾಶ

ಜಾಗ ಸಾಲದಿದ್ದರೆ ಅಡ್ಡಕ್ಕೆ 80 ಪರ್ಸೆಂಟ್ ಒತ್ತಿಬಿಡಿ, ಅಷ್ಟೇ.

ಕುಂಚ ಕಾವೇರಿ

ಇಲ್ಲಿ ಸಾಲುತ್ತದೆ, ಒತ್ತುವ ಅಗತ್ಯವೇ ಇಲ್ಲ. ಸಾಲದಿದ್ದರೂ ಒತ್ತಬೇಡಿ. ನಿಂತ ಗೆರೆ ತೆಳ್ಳಗಾಗಿ ಮಲಗಿದ ಗೆರೆ ದಪ್ಪಗೇ ಉಳಿಯುತ್ತದೆ. ಅನೇಕ್ ಕನ್ನಡ ಫಾಂಟಿನಲ್ಲಿ ಅಗಲವನ್ನೇ ಕಡಿಮೆ ಮಾಡುವ ಸೌಕರ್ಯ ಇದೆ, ಬಿಟ್ಟಿ ಸಿಗುತ್ತದೆ. ಅದರ ಕಿರಿದಾದ ರೂಪ ತೆಗೆದುಕೊಂಡರೆ ಗೆರೆಯ ದಪ್ಪ ಸರಿಯಾಗಿಯೇ ಇರುತ್ತದೆ.

ಹಳೇ ನುಡಿ

ನನ್ನದೂ ಇದೇ ಗೋಳು. ಕೋರೆಲ್‌ನಲ್ಲಿ ನುಡಿ ಫಾಂಟಿನಿಂದ ಟೈಪ್ ಮಾಡಿ ವೃತ್ತಕ್ಕೆ ಹಾಕಿದೆ. "ರೇ" ಅನ್ನುವುದು "ರೆ" ಒಂದು ಕಡೆ, ದೀರ್ಘದ ಕೊಂಬು ಇನ್ನೊಂದು ಕಡೆ. "ಷ್ಮೆ"ಯ ಒತ್ತು ಬೇರೆ ಕೋನಕ್ಕೆ ವಾಲಿದೆ. ಅಂತರ ಜಾಸ್ತಿ ಮಾಡಿದರೆ ಇನ್ನೂ ದೂರ ಹೋಗುತ್ತದೆ.

ಕೋಡ್ ಕೊಟ್ರೇಶಿ

ಹಳೆಯ ನುಡಿ ಯೂನಿಕೋಡ್ ಅಲ್ಲ. ಅದರಲ್ಲಿ ಒತ್ತು, ದೀರ್ಘ ಎಲ್ಲವೂ ಬೇರೆ ಬೇರೆ ಅಕ್ಷರ ಅಂತಲೇ ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಹಾಗಾಗಿ ಒಂದೊಂದನ್ನೂ ಬೇರೆ ಬೇರೆ ತಿರುಗಿಸುತ್ತದೆ. ಯೂನಿಕೋಡ್‌ಗೆ ಬದಲಿಸಿ, ಯೂನಿಕೋಡ್ ಫಾಂಟ್ ಹಾಕಿ. ನುಡಿಯಲ್ಲೇ ಬೇಕು ಅಂದರೆ ಒಂದು ದಾರಿ ಇದೆ. ಸಾಲನ್ನು ನೇರವಾಗಿ ಟೈಪ್ ಮಾಡಿ, ಕರ್ವ್ ಮಾಡಿ, "ಷ್ಮೆ"ಯ ಎಲ್ಲ ತುಂಡನ್ನೂ ಒಂದು ಗುಂಪು ಮಾಡಿ, ಆ ಗುಂಪನ್ನು ಕೈಯಲ್ಲಿ ತಿರುಗಿಸಿ ಇಡಬೇಕು. ಒಂಬತ್ತು ಅಕ್ಷರಕ್ಕೆ ಮಾಡಬಹುದು. ಉದ್ದ ಹೆಸರಿಗೆ ಬೇಡಪ್ಪ.

ಇಲಸ್ಟ್ರೇಟರ್ ಇರುವವರಿಗೆ ಇನ್ನೊಂದು ಮಾತು. ಯೂನಿಕೋಡ್ ಹಾಕಿದರೂ ಒತ್ತು ಬಿಡಿಬಿಡಿಯಾಗಿ ಬಂದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆರಿಸಿ. ಅದಿಲ್ಲದೆ ಕನ್ನಡ ಜೋಡಣೆ ಆಗುವುದಿಲ್ಲ.

ರೇಷ್ಮೆಗೂಡು, ಮೌಸ್‌ನಲ್ಲಿ ವೃತ್ತ ಎಳೆದು ತಿರುಗಿಸುವ ಬದಲು ನೇರವಾಗಿ ಬರೆದುಬಿಡಿ. ಕಾವೇರಿಯವರ ಅಳತೆಗೇ:

```
<svg xmlns="http://www.w3.org/2000/svg"
     width="40mm" height="40mm" viewBox="0 0 40 40">
  <path id="mele" fill="none"
        d="M6.2,20 A13.8,13.8 0 0 1 33.8,20"/>
  <path id="kelage" fill="none"
        d="M3.9,20 A16.1,16.1 0 0 0 36.1,20"/>
  <g font-family="Anek Kannada" font-size="5.4"
     text-anchor="middle">
    <text><textPath href="#mele" startOffset="50%">ರೇಷ್ಮೆ ಬೆಳೆಗಾರರ ಸಂಘ</textPath></text>
    <text letter-spacing="0.6"><textPath href="#kelage" startOffset="50%">ಬೆಂಗಳೂರು ದಕ್ಷಿಣ ಜಿಲ್ಲೆ</textPath></text>
  </g>
</svg>
```

ಎರಡೂ ಕಮಾನು ಎಡದಿಂದ ಬಲಕ್ಕೇ ಹೋಗುತ್ತವೆ. `0 0 1` ಇದ್ದರೆ ಮೇಲಿನಿಂದ, `0 0 0` ಇದ್ದರೆ ಕೆಳಗಿನಿಂದ. ಆ ಒಂದು ಅಂಕಿಯಿಂದಲೇ ತಲೆಕೆಳಗಾಗುವ ತೊಂದರೆ ತಪ್ಪುತ್ತದೆ. `50%` ಮತ್ತು `middle` ಸೇರಿ ಸಾಲನ್ನು ನಡುವಿಗೆ ತರುತ್ತವೆ. 5.4 ಅನ್ನುವುದು ಅಂದಾಜು, ಅಕ್ಷರದ ಮೈ 3 ಮಿಮೀ ಬರುವವರೆಗೆ ಹೆಚ್ಚು ಕಡಿಮೆ ಮಾಡಿ.

ರೇಷ್ಮೆಗೂಡು

ಕೋಡ್ ಅಂದರೆ ನನಗೆ ಸ್ವಲ್ಪ ಹೆದರಿಕೆ. ಇಂಕ್‌ಸ್ಕೇಪ್‌ನಲ್ಲೇ ಕೆಳಗಿನದನ್ನು ಸರಿಯಾಗಿ ತಿರುಗಿಸುವುದು ಹೇಗೆ?

ಕುಂಚ ಕಾವೇರಿ

ವೃತ್ತವನ್ನು ಮೊದಲು `Path > Object to Path` ಮಾಡಿ. ಆಮೇಲೆ `Path > Reverse`. ಈಗ ದಿಕ್ಕು ಬದಲಾಗಿ ಅಕ್ಷರಗಳು ವೃತ್ತದ ಒಳಗೆ ಬರುತ್ತವೆ, ತಲೆ ಕೇಂದ್ರದ ಕಡೆ. ಸಾಲು ಪಕ್ಕದಲ್ಲೆಲ್ಲೋ ಶುರುವಾಗಿದ್ದರೆ ವೃತ್ತವನ್ನೇ ತಿರುಗಿಸಿ, ಅಕ್ಷರ ಜೊತೆಗೇ ಬರುತ್ತದೆ. ಅಂತರಕ್ಕೆ ಟೂಲ್‌ಬಾರ್‌ನಲ್ಲಿ ಅಂಕಿ ಹಾಕಬಹುದು.

ಸ್ಕ್ಯಾನ್ ಬಗ್ಗೆ ಒಂದು ಮಾತು. ಹಳೆಯ ಅಕ್ಷರ ಅಳಿಸಿ ಅಲ್ಲೇ ಹೊಸದು ತುಂಬಬೇಡಿ. ಸ್ಕ್ಯಾನನ್ನು ಕೆಳಗಿನ ಲೇಯರ್‌ನಲ್ಲಿ ಮಸುಕಾಗಿಟ್ಟು ಲಾಕ್ ಮಾಡಿ, ಅದರ ಮೇಲೆ ಉಂಗುರಗಳನ್ನು ಹೊಸದಾಗಿ ಬರೆಯಿರಿ. ಮೊದಲು ಸ್ಕ್ಯಾನಿನ ಅಗಲ, ಎತ್ತರ ಎರಡೂ ಒಂದೇನಾ ನೋಡಿ. ಎಷ್ಟೋ ಲೆಟರ್‌ಹೆಡ್‌ನಲ್ಲಿ ಲೋಗೋ ಚಪ್ಪಟೆಯಾಗಿ ಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಮೇಲಿನ ಸಾಲನ್ನೂ ಹೊಸ ಫಾಂಟಿನಲ್ಲೇ ಬರೆಯಬೇಕಾಗುತ್ತದೆ. ಅರ್ಧ ಹಳೆಯ ಕೈಬರಹ, ಅರ್ಧ ಹೊಸ ಫಾಂಟ್ ಆದರೆ ತೇಪೆ ಎದ್ದು ಕಾಣುತ್ತದೆ.

ಕೂಟದವಳು

ನಾನು ಹೊರದೇಶದಲ್ಲಿರುವವಳು. ನಮ್ಮ ಕನ್ನಡ ಕೂಟದ ಬ್ಯಾಡ್ಜಿನಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಕೆಳಗೆ ಊರಿನ ಹೆಸರು ದೊಡ್ಡಕ್ಷರದಲ್ಲಿ ಇರುವುದರಿಂದ ಒತ್ತಿನ ತಾಪತ್ರಯ ಇಲ್ಲ. ಆದರೆ ಎರಡೂ ಒಂದೇ ಪಾಯಿಂಟ್ ಸೈಜು ಇಟ್ಟರೆ ಕನ್ನಡ ಕುಳ್ಳಗೆ ಕಾಣುತ್ತದೆ. ಕನ್ನಡದ ಮೈಯನ್ನು ಇಂಗ್ಲಿಷಿನ ಎತ್ತರಕ್ಕೆ ತಂದರೆ ಒತ್ತು ಒಳಗಿನ ಚಿತ್ರಕ್ಕೆ ಹೊಡೆಯುತ್ತದೆ. ಏನು ಮಾಡುವುದು?

ಬೋರ್ಡ್ ಬಸಣ್ಣ

ಇಂಗ್ಲಿಷ್ ಸಣ್ಣ ಮಾಡ್ರಿ ತಂಗಿ. ಕನ್ನಡಕ್ಕೆ ಅಳತೆ ಮೊದಲು, ಅದಕ್ಕೆ ಹೊಂದುವಂತೆ ಇಂಗ್ಲಿಷ್.

ಕೂಟದವಳು

ಸಮಿತಿಯವರು ಒಪ್ಪಬೇಕಲ್ಲ ಅಣ್ಣಾ!

ರೇಷ್ಮೆಗೂಡು

ಹಾಕಿ ನೋಡಿದೆ. ಬಹಳ ಚೆನ್ನಾಗಿ ಬಂತು. ತಲೆಗಳು ಅಂಟುತ್ತಿಲ್ಲ. ಎರಡು ಅನುಮಾನ ಉಳಿದಿವೆ. ಒಂದು, "ದಕ್ಷಿಣ" ಪದದಲ್ಲಿ "ಕ್ಷಿ" ಆದ ಮೇಲೆ "ಣ" ಸ್ವಲ್ಪ ದೂರ ಹೋದಂತೆ ಕಾಣುತ್ತದೆ. ಪದಗಳ ನಡುವಿನ ಜಾಗವೂ ಜಾಸ್ತಿ. ಎರಡು, ಮೇಲಿನ ಸಾಲಿನ ಮೈ 13.8ರಿಂದ 16.8, ಕೆಳಗಿನದು 13.1ರಿಂದ 16.1. ಒಂದೇ ಪಟ್ಟಿಯಲ್ಲಿ ಕೂರಲಿಲ್ಲ. ಕೆಳಗಿನದು 0.7 ಮಿಮೀ ಒಳಗೆ ಬಂದಿದೆ.

ಕುಂಚ ಕಾವೇರಿ

ಮೊದಲನೆಯದು ಸುಲಭ. ಬಹಳ ಫಾಂಟ್‌ಗಳಲ್ಲಿ ಒತ್ತು ಬಲಕ್ಕೆ ಚಾಚಿಕೊಂಡು ಮುಂದಿನ ಅಕ್ಷರವನ್ನು ದೂಡುತ್ತದೆ. ಬುಡದ ಕೆಳಗೆ ತುಂಬಿದಂತಿರುತ್ತದೆ, ಮೈಯ ಮಟ್ಟದಲ್ಲಿ ಖಾಲಿ. "ಕ್ಷಿ" ಮತ್ತು "ಣ" ನಡುವೆ ಕರ್ಸರ್ ಇಟ್ಟು `Alt+Left` ಒತ್ತಿ ಹತ್ತಿರ ತನ್ನಿ. ಕೆಳಗಿನ ಕಮಾನಿನಲ್ಲಿ ಒತ್ತುಗಳು ಅಗಲವಾದ ಹೊರಬದಿಯಲ್ಲಿ ಇರುವುದರಿಂದ ಡಿಕ್ಕಿ ಆಗುವುದಿಲ್ಲ, ಧೈರ್ಯವಾಗಿ 0.3, 0.4 ಎಳೆಯಬಹುದು. ಪದದ ಜಾಗಕ್ಕೂ ಅದೇ ಮದ್ದು. ಅಂತರ ಕೊಟ್ಟಾಗ ಖಾಲಿ ಜಾಗದ ಎರಡೂ ಬದಿಗೆ 0.6 ಸೇರಿರುತ್ತದೆ. ಅದನ್ನು ಕಡಿಮೆ ಮಾಡಿ.

ಸಮ ಇದೆಯಾ ಅಂತ ನೋಡುವುದಕ್ಕೆ ಬಸಣ್ಣ ಸರ್ ಹೇಳಿದ ಹೊಟ್ಟೆಯ ಗೆರೆಯನ್ನೇ ಬರೆಯಿರಿ. ಕೆಳಗೆ 14.6ರ ತೆಳು ವೃತ್ತ, ಬೇರೆ ಬಣ್ಣದಲ್ಲಿ. ಅದರ ಮೇಲೆ ಅಕ್ಷರಗಳ ನಡುವಿನ ಬಿಳಿ ತುಂಡುಗಳನ್ನು ಮಾತ್ರ ನೋಡುತ್ತ ಹೋಗಿ. ದೊಡ್ಡದು ಎಲ್ಲಿ ಅಂತ ತಕ್ಷಣ ಸಿಗುತ್ತದೆ. ಆಮೇಲೆ ಇಡೀ ಸೀಲನ್ನು ತಲೆಕೆಳಗೆ ಮಾಡಿ ಇನ್ನೊಮ್ಮೆ ನೋಡಿ. ಓದಲು ಬಾರದೆ ಇದ್ದಾಗ ಕಣ್ಣು ಬರೀ ಆಕಾರ ನೋಡುತ್ತದೆ.

ಬೋರ್ಡ್ ಬಸಣ್ಣ

ಎರಡನೆಯದಕ್ಕೆ ನನ್ನ ಮಾತು: ಬಿಡಿ. ಮೇಲಿನ ಸಾಲೂ ಕೆಳಗಿನ ಸಾಲೂ ಪಕ್ಕಪಕ್ಕ ಬರುವುದಿಲ್ಲ, ನಡುವೆ ನಕ್ಷತ್ರ ಇದೆ. ನೋಡುವವನ ಕಣ್ಣಿಗೆ ಬೀಳುವುದು ಗೆರೆಗೂ ಅಕ್ಷರಕ್ಕೂ ನಡುವಿನ ಖಾಲಿ. ಅದು ಎರಡೂ ಕಡೆ ಅರ್ಧ ಮಿಮೀ ಇದೆ. ಸಾಕು.

ಕೋಡ್ ಕೊಟ್ರೇಶಿ

ನಾನು ಒಪ್ಪುವುದಿಲ್ಲ ಬಸಣ್ಣ. ಕೆಳಗಿನ ಸಾಲಿನಲ್ಲಿ ಒತ್ತು ಇರುವುದು ಎರಡೇ ಕಡೆ. ಉಳಿದ ಏಳು ಅಕ್ಷರದ ಬುಡಕ್ಕೂ ಹೊರ ಗೆರೆಗೂ ನಡುವೆ 1.9 ಮಿಮೀ ಖಾಲಿ. ಮೇಲಿನ ಸಾಲಿನಲ್ಲಿ ಹೊರಗಡೆ 1.2 ಮಾತ್ರ. ಸೀಲು ಹಿಡಿದು ನೋಡಿದರೆ ಕೆಳಗಿನ ಸಾಲು ಒಳಗೆ ಜಾರಿದಂತೆ ಅನ್ನಿಸುತ್ತದೆ. ಕೆಳಗಿನ ಪಾತನ್ನು 16.4 ಮಾಡಿ. ಒತ್ತಿಗೆ 0.3 ಖಾಲಿ ಉಳಿಯುತ್ತದೆ, ತಾಗುವುದಂತೂ ಇಲ್ಲ.

ಬೋರ್ಡ್ ಬಸಣ್ಣ

0.3 ಅಂದರೆ ಮಸಿಯಲ್ಲಿ ಮುಳುಗಿಹೋಗುತ್ತದೆ ತಮ್ಮಾ.

ಮೊಹರಿನ ಅಂಗಡಿ

ಮಧ್ಯೆ ಬಾಯಿ ಹಾಕುತ್ತೇನೆ, ನಾನು ಸ್ಟ್ಯಾಂಪು ಮಾಡುವವನು. ಬಸಣ್ಣ ಹೇಳಿದ್ದು ನಿಜ. ಪ್ಯಾಡಿನಲ್ಲಿ ಅದ್ದಿ ಒತ್ತುವ ರಬ್ಬರ್ ಸೀಲಿನಲ್ಲಿ ಮಸಿ ಅಂಚಿನಿಂದ ಸ್ವಲ್ಪ ಹರಡುತ್ತದೆ. ಸಣ್ಣ ಸಂದುಗಳು ತುಂಬಿಕೊಳ್ಳುತ್ತವೆ. ನಾಲ್ಕು ದಿನ ಆದ ಮೇಲೆ ರಬ್ಬರಿನ ಸಂದಿನಲ್ಲಿ ಧೂಳು ಸೇರಿ ಇನ್ನೂ ಜಾಸ್ತಿ. ಮಸಿ ಒಳಗೇ ಇರುವ ಪ್ರೀ-ಇಂಕ್ ಸೀಲು ಮಾಡಿಸಿದರೆ 0.3 ನಿಲ್ಲಬಹುದು. ಅದೇ ಲೋಗೋ ಲೆಟರ್‌ಹೆಡ್‌ನಲ್ಲಿ ಅಚ್ಚಾಗುವುದಾದರೆ ಏನೂ ತೊಂದರೆ ಇಲ್ಲ.

ನಮ್ಮಲ್ಲಿಗೆ ಬರುವ ಫೈಲುಗಳಲ್ಲಿ ದೊಡ್ಡ ಕಾಟ ಬೇರೆ. ಫಾಂಟ್ ನಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ. ತೆರೆದ ಕೂಡಲೇ ಬೇರೆ ಫಾಂಟ್ ಕೂತು ನೀವು ಪಟ್ಟ ಕಷ್ಟವೆಲ್ಲ ನೀರಿಗೆ ಹೋಗುತ್ತದೆ. ಕೊಡುವ ಮುಂಚೆ ಅಕ್ಷರವನ್ನೂ `Object to Path` ಮಾಡಿ. ಆದರೆ ಟೈಪ್ ಮಾಡಿದ ಫೈಲಿನ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ನಾಳೆ ಮತ್ತೆ ಹೆಸರು ಬದಲಾದರೆ?

ಇನ್ನೊಂದು, ಕನ್ನಡಿ ತಿರುವು ನೀವು ಮಾಡಬೇಡಿ. ಅದನ್ನು ನಾವು ಮಾಡುತ್ತೇವೆ. ಕೆಲವರು ತಾವೇ ತಿರುಗಿಸಿ ಕಳಿಸುತ್ತಾರೆ, ನಾವು ಇನ್ನೊಮ್ಮೆ ತಿರುಗಿಸುತ್ತೇವೆ, ಸೀಲು ಉಲ್ಟಾ ಬರುತ್ತದೆ.

ಸುಮ್ನೆ ಸತೀಶ

"ನಾಳೆ ಮತ್ತೆ ಹೆಸರು ಬದಲಾದರೆ" — ನಾನು ಹೇಳಿದ್ದು ಇದನ್ನೇ.

ತುಂಟಗುಬ್ಬಿ

ಬಂತು ನೋಡಿ.

ನಂಜನಗೂಡಿನವ

ಮಧ್ಯೆ ಎಲೆ ಅಂದಿರಲ್ಲ, ಒಳ್ಳೆಯದು. ಕೆಲವು ಸಂಘದವರು ಸಿಂಹದ ಲಾಂಛನ ಹಾಕಿಕೊಳ್ಳುತ್ತಾರೆ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಗೆ 2005ರ ಕಾಯ್ದೆಯೇ ಇದೆ. ಖಾಸಗಿ ಸಂಘದವರು ಹಾಗೆ ಬಳಸುವಂತಿಲ್ಲ.

ಹಳೇ ನುಡಿ

ಯೂನಿಕೋಡ್‌ಗೆ ಬದಲಿಸಿ ಹಾಕಿದೆ. "ಷ್ಮೆ" ಒಟ್ಟಿಗೆ ನಿಂತಿತು! ಆದರೆ ಆ ಹಳೆಯ ನುಡಿ ಅಕ್ಷರದ ರೂಪವೇ ಬೇಕು ಅಂತ ನಮ್ಮ ಅಧ್ಯಕ್ಷರ ಹಟ.

ಕೋಡ್ ಕೊಟ್ರೇಶಿ

ಹಾಗಾದರೆ ಗುಂಪು ಮಾಡಿ ಕೈಯಲ್ಲಿ ತಿರುಗಿಸುವ ದಾರಿಯೇ ಗತಿ. ಒಂದು ಚಹಾ ಇಟ್ಟುಕೊಂಡು ಕೂರಿ.

ಕರಾವಳಿ ಕಿಟ್ಟಿ

ಕೈಯಲ್ಲಿ ತಿರುಗಿಸುವುದಾದರೆ ನನ್ನ ಕೋನದ ಲೆಕ್ಕ ಬೇಕಾಯಿತಲ್ಲ! ಅಕ್ಷರದ ಅಗಲಕ್ಕೆ ತಕ್ಕ ಕೋನ ಅಂತ ತಿದ್ದಿ ಹೇಳುತ್ತೇನೆ. ನಿಮ್ಮ ಸೀಲಿನ ಅಳತೆಯೂ ರೇಷ್ಮೆಗೂಡು ಅವರದ್ದೇ ಆದರೆ, 16.1 ತ್ರಿಜ್ಯದಲ್ಲಿ 1 ಮಿಮೀ ಅಂದರೆ ಸುಮಾರು 3.6 ಡಿಗ್ರಿ. "ಬೆಂ" 4.6 ಮತ್ತು 0.6 ಸೇರಿ 5.2, ಅದಕ್ಕೆ 18.5 ಡಿಗ್ರಿ. "ಗ" 3.4, ಅದಕ್ಕೆ 12. ಹೀಗೆ ಎಲ್ಲದಕ್ಕೂ ಬರೆದುಕೊಂಡು, ಪ್ರತಿ ಅಕ್ಷರದ ನಡು ಎಲ್ಲಿ ಬೀಳುತ್ತದೋ ಆ ಕೋನಕ್ಕೆ ತಿರುಗಿಸಿ.

ಬೋರ್ಡ್ ಬಸಣ್ಣ

ಈಗ ಸರಿ ಆಯ್ತು ನೋಡ್ರಿ. ಕಿಟ್ಟಿ ಬೋರ್ಡ್ ಬರೆಯಲು ಬರಬಹುದು.

ರೇಷ್ಮೆಗೂಡು

16.1 ಒಂದು, 16.4 ಒಂದು, ಎರಡನ್ನೂ 40 ಮಿಮೀ ನಿಜ ಅಳತೆಗೆ ಲೇಸರ್ ಪ್ರಿಂಟರ್‌ನಲ್ಲಿ ತೆಗೆದಿದ್ದೇನೆ. ಸಂಘದ ಆಫೀಸಿನಲ್ಲಿ ಗೋಡೆಗೆ ಅಂಟಿಸಿದೆ. ಕಾರ್ಯದರ್ಶಿಗಳಿಗೆ 16.4 ಇಷ್ಟ, ಖಜಾಂಚಿಗೆ 16.1. ಇಬ್ಬರಿಗೂ ಯಾಕೆ ಅಂತ ಹೇಳಲು ಬರುತ್ತಿಲ್ಲ. "ಣ"ವನ್ನು 0.4 ಹತ್ತಿರ ತಂದೆ, ಪದಗಳ ನಡುವಿನ ಜಾಗ ಕಡಿಮೆ ಮಾಡಿದೆ. ಸಾಲು ಸ್ವಲ್ಪ ಕುಗ್ಗಿತು, ಹಾಗಾಗಿ ನಕ್ಷತ್ರಗಳನ್ನು ಮತ್ತೆ ಜರುಗಿಸಬೇಕಾಯಿತು.

ಮೊಹರಿನ ಅಂಗಡಿ

ಲೇಸರ್ ಪ್ರಿಂಟ್ ನೋಡಿ ಸೀಲಿನ ತೀರ್ಮಾನ ಮಾಡಬೇಡಿ ಸರ್. ಎರಡನ್ನೂ ಒಂದೇ ರಬ್ಬರ್ ತುಂಡಿನಲ್ಲಿ ಪಕ್ಕಪಕ್ಕ ಕೆತ್ತಿಸಿ, ಬಿಲ್ಲು ಪುಸ್ತಕದ ಕಾಗದದ ಮೇಲೆ ಒತ್ತಿ ನೋಡಿ. ನಿಮ್ಮ ಸೀಲು ಬೀಳುವುದು ಆ ಕಾಗದದ ಮೇಲೆ ತಾನೇ?

ಕೋಡ್ ಕೊಟ್ರೇಶಿ

ಲೆಟರ್‌ಹೆಡ್‌ಗೆ 16.4, ರಬ್ಬರಿಗೆ 16.1 ಅಂತ ಎರಡು ಫೈಲು ಇಟ್ಟುಕೊಂಡರೆ?

ಕುಂಚ ಕಾವೇರಿ

ಇಟ್ಟುಕೊಳ್ಳಬಹುದು. ಆದರೆ ಯಾವುದು ಯಾವುದಕ್ಕೆ ಅಂತ ಫೈಲಿನ ಹೆಸರಿನಲ್ಲೇ ಬರೆದಿಡಿ. ಇಲ್ಲದಿದ್ದರೆ ಮುಂದಿನ ಕಾರ್ಯದರ್ಶಿ ಎರಡನ್ನೂ ಕಲಸಿಬಿಡುತ್ತಾರೆ.

ಕೂಟದವಳು

ಸಮಿತಿ ಒಪ್ಪಿತು, ಇಂಗ್ಲಿಷ್ ಸಣ್ಣ ಆಯಿತು! ಈಗ ಇಂಗ್ಲಿಷಿಗೆ ಅಂತರ ಎಷ್ಟು ಕೊಡಲಿ? ಅದೂ ಕೆಳಗಿನ ಕಮಾನೇ.